ಮೋಟಾರ್ ನಡುಗಿದ ವೇಗವೇ ಕಾರಣ ಹೇಳಿತು: ರೌತ್ ಟೇಬಲ್ ಜೊತೆ ನನ್ನ ಅನುಭವ

ಒಂದು ಡಿಸಿ ಮೋಟಾರಿನ ಶಾಫ್ಟನ್ನು ನಾವು ಹೇಳಿದ ಕೋನಕ್ಕೆ ತಂದು ನಿಲ್ಲಿಸಬೇಕಿತ್ತು. ಎನ್‌ಕೋಡರ್ ಕೋನ ಓದುತ್ತದೆ, ಕಂಟ್ರೋಲರ್ ವ್ಯತ್ಯಾಸವನ್ನು ಒಂದು ಗೇನ್‌ನಿಂದ ಗುಣಿಸಿ ಮೋಟಾರಿಗೆ ಕೊಡುತ್ತದೆ. ಇಡೀ ಲೂಪಿನ ಗೇನನ್ನು K ಅನ್ನೋಣ. ಅದನ್ನು ಎಲ್ಲಿಯವರೆಗೆ ಏರಿಸಬಹುದು?

ಮೊದಲು ಮೋಟಾರನ್ನು ಅಳೆದೆ. ವೋಲ್ಟೇಜ್ ಕೊಟ್ಟ ಮೇಲೆ ಅದು ಪೂರ್ತಿ ವೇಗದ 63% ಮುಟ್ಟಲು 0.1 ಸೆಕೆಂಡ್ ಬೇಕು, ಅಂದರೆ ಪೋಲ್ −10ರಲ್ಲಿ. ಡ್ರೈವರಿನ ಮುಂದಿರುವ ಫಿಲ್ಟರಿಗೆ 0.02 ಸೆಕೆಂಡ್, ಪೋಲ್ −50ರಲ್ಲಿ. ವೇಗ ಕೂಡುತ್ತಾ ಹೋಗಿ ಕೋನ ಆಗುವುದರಿಂದ ಸೊನ್ನೆಯಲ್ಲಿ ಇನ್ನೊಂದು ಪೋಲ್. ಲೂಪ್ ಮುಚ್ಚಿದಾಗ ಸಿಗುವ ಸಮೀಕರಣ ಇದು:

```
s^3 + 60 s^2 + 500 s + 500K = 0
```

ಇದರ ಮೂಲಗಳೇ ಲೂಪ್ ಮುಚ್ಚಿದ ಮೇಲಿನ ಪೋಲ್‌ಗಳು. ಎಲ್ಲವೂ ಕಾಂಪ್ಲೆಕ್ಸ್ ಪ್ಲೇನಿನ ಎಡಭಾಗದಲ್ಲಿದ್ದರೆ ಅಲುಗಾಟ ತಾನಾಗಿ ಅಡಗುತ್ತದೆ. ಒಂದಾದರೂ ಬಲಕ್ಕೆ ಹೋದರೆ ಬೆಳೆಯುತ್ತಲೇ ಹೋಗುತ್ತದೆ. ಆದರೆ K ಗೊತ್ತಿಲ್ಲದೆ ಮೂಲ ಹುಡುಕುವುದು ಹೇಗೆ? ಮೂಲ ಹುಡುಕದೆಯೇ ಎಡವೋ ಬಲವೋ ಎಂದು ತಿಳಿಯುವ ದಾರಿಯನ್ನು ಎಡ್ವರ್ಡ್ ರೌತ್ 1877ರಲ್ಲೇ ತೋರಿಸಿದ್ದ. ಅದೇ ಈ ರೌತ್ ಟೇಬಲ್:

```
s^3 |  1                  500
s^2 |  60                 500K
s^1 |  (30000 - 500K)/60  0
s^0 |  500K
```

ಮೊದಲ ಎರಡು ಸಾಲು ಸಮೀಕರಣದಿಂದ ನೇರವಾಗಿ ಬಂದವು. ಮೂರನೆಯದಕ್ಕೆ 60×500ರಿಂದ 1×500K ಕಳೆದು 60ರಿಂದ ಭಾಗಿಸಬೇಕು, ಅಷ್ಟೇ. ಪೋಲ್‌ಗಳೆಲ್ಲ ಎಡದಲ್ಲಿರಲು ಮೊದಲ ಕಾಲಮ್ಮಿನಲ್ಲಿ ಎಲ್ಲವೂ ಧನಾತ್ಮಕವಾಗಿರಬೇಕು, ಅದಕ್ಕೆ K ಸೊನ್ನೆಗಿಂತ ಜಾಸ್ತಿ, 60ಕ್ಕಿಂತ ಕಡಿಮೆ ಇರಬೇಕು. K = 80 ಇಟ್ಟು ನೋಡಿ. ಸಮೀಕರಣದಲ್ಲಿ ಎಲ್ಲೂ ಋಣ ಚಿಹ್ನೆ ಕಾಣುವುದಿಲ್ಲ, ಆದರೂ ಕಾಲಮ್ಮಿನಲ್ಲಿ ಚಿಹ್ನೆ ಎರಡು ಸಲ ಬದಲಾಗುತ್ತದೆ. ಎರಡು ಪೋಲ್ ಬಲಕ್ಕೆ ಹೋಗಿವೆ ಎಂದರ್ಥ.

ಬಹಳಷ್ಟು ಜನ ಈ 60 ಬರೆದುಕೊಂಡು ಟೇಬಲ್ ಮುಚ್ಚಿಡುತ್ತಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅದರ ಮುಂದಿನ ಹೆಜ್ಜೆ. K = 60 ಆದಾಗ s¹ ಸಾಲು ಪೂರ್ತಿ ಸೊನ್ನೆ. ಆಗ ಅದರ ಮೇಲಿನ ಸಾಲನ್ನು ಸಮೀಕರಣ ಮಾಡಿ: 60s² + 30000 = 0. ಇದರಿಂದ s = ±j22.4. ಗಡಿಯಲ್ಲಿ ಮೋಟಾರ್ ಸೆಕೆಂಡಿಗೆ ಸುಮಾರು 3.6 ಸಲ ತೂಗಬೇಕು. ಇದು ಬೆಂಚಿನ ಮೇಲೆ ಅಳೆದು ನೋಡಬಹುದಾದ ಸಂಖ್ಯೆ, ಅಲ್ವಾ?

ಬೆಂಚಿನ ಮೇಲೆ K ನಿಧಾನಕ್ಕೆ ಏರಿಸುತ್ತಾ ಹೋದೆ. 28ರ ಹತ್ತಿರವೇ ತೂಗಾಟ ನಿಲ್ಲದಾಯಿತು. ಸೆಕೆಂಡಿಗೆ ಸುಮಾರು 2.4 ಸಲ. ಗೇನಿನ ಲೆಕ್ಕ ಮಾತ್ರ ತಪ್ಪಿದ್ದರೆ ಗಡಿಯ K ಬೇರೆ ಬರುತ್ತಿತ್ತು, ತೂಗಾಟದ ವೇಗ ಮಾತ್ರ 3.6 ಆಗಿಯೇ ಉಳಿಯುತ್ತಿತ್ತು. ವೇಗವೂ ಇಳಿದಿದೆ ಅಂದರೆ ಲೂಪಿನಲ್ಲಿ ನಾನು ಬರೆಯದ ಇನ್ನೊಂದು ವಿಳಂಬ ಇದೆ.

ಅದು ಪ್ರೋಗ್ರಾಮಿನೊಳಗೇ ಇತ್ತು. ಕಂಟ್ರೋಲರ್ ಓಡುವುದು 10 ಮಿಲಿಸೆಕೆಂಡಿಗೊಮ್ಮೆ. ಲೆಕ್ಕದ ಫಲ ಮುಂದಿನ ಸುತ್ತಿನಲ್ಲಿ ಹೊರಗೆ ಹೋಗುತ್ತದೆ, ಅದಕ್ಕೆ 10. ಹೊರಗೆ ಹೋದ ಬೆಲೆ ಒಂದು ಸುತ್ತು ಹಾಗೇ ನಿಲ್ಲುತ್ತದೆ, ಸರಾಸರಿ 5. ಎರಡೆರಡು ರೀಡಿಂಗ್‌ಗಳ ಸರಾಸರಿ ತೆಗೆಯುವುದಕ್ಕೆ ಇನ್ನೊಂದು 5. ಒಟ್ಟು 20 ಮಿಲಿಸೆಕೆಂಡ್.

ವಿಳಂಬ ಎಕ್ಸ್‌ಪೊನೆನ್ಷಿಯಲ್ ರೂಪದಲ್ಲಿ ಬರುತ್ತದೆ, ರೌತ್ ಟೇಬಲಿಗೆ ಬೇಕಾಗಿರುವುದು ಪಾಲಿನಾಮಿಯಲ್. ಅದಕ್ಕೆ ಪಾದೆಯ ಅಂದಾಜು ಹಾಕಿದೆ: ವಿಳಂಬದ ಬದಲು (100 − s)/(100 + s). ವಿಳಂಬಕ್ಕೆ ಹೋಲಿಸಿದರೆ ತೂಗಾಟ ನಿಧಾನವಾಗಿರುವಾಗ ಈ ಅಂದಾಜು ಚೆನ್ನಾಗಿ ಹೊಂದುತ್ತದೆ, ಇಲ್ಲಿ ಹಾಗೇ ಇದೆ. ಸಮೀಕರಣ ಈಗ ಹೀಗಾಯಿತು:

```
s^4 + 160 s^3 + 6500 s^2 + (50000 - 500K) s + 50000K = 0
```

ಮತ್ತೆ ಟೇಬಲ್ ಹಾಕಿದರೆ s¹ ಸಾಲಿನಿಂದ K² + 7000K − 198000 < 0 ಎಂಬ ಷರತ್ತು ಬರುತ್ತದೆ. ಗಡಿ 28.2. ಅಲ್ಲಿ ತೂಗಾಟ ±j15, ಸೆಕೆಂಡಿಗೆ 2.4 ಸಲ. ಎರಡೂ ಸಂಖ್ಯೆ ಒಟ್ಟಿಗೆ ಹೊಂದಿದ ಮೇಲೆಯೇ ನನಗೆ ಈ ಮಾದರಿಯ ಮೇಲೆ ನಂಬಿಕೆ ಬಂದಿದ್ದು. ಒಂದೇ ಹೊಂದಿದ್ದರೆ ಒಪ್ಪುತ್ತಿರಲಿಲ್ಲ.

28ರೊಳಗೆ ಇದ್ದರೆ ಸಾಕೇ? ಇಲ್ಲ. ಪೋಲ್ ಎಡದಲ್ಲಿದೆ ಎಂದು ಟೇಬಲ್ ಹೇಳುತ್ತದೆ, ಎಷ್ಟು ಎಡದಲ್ಲಿದೆ ಎಂದು ಹೇಳುವುದಿಲ್ಲ. K = 25 ಇಟ್ಟರೆ ಪೋಲ್‌ಗಳು ಗಡಿಗೆ ಅಂಟಿಕೊಂಡಂತಿರುತ್ತವೆ, ಶಾಫ್ಟ್ ಬಹಳ ಹೊತ್ತು ಅಲುಗಾಡುತ್ತದೆ. ಹಾಗಾಗಿ ಇಲ್ಲಿ ಟೇಬಲ್ ಬಿಟ್ಟು ಕಂಪ್ಯೂಟರಿನಲ್ಲಿ ಮೂಲಗಳನ್ನೇ ತೆಗೆದೆ. K = 5ಕ್ಕೆ ಬಲಗಡೆಗೆ ಹತ್ತಿರದ ಜೋಡಿ −3.8 ± j5.7ರಲ್ಲಿದೆ, ಉಳಿದೆರಡು −50ಕ್ಕಿಂತ ಆಚೆ. ಎಡಕ್ಕಿರುವ ದೂರ 3.8 ಆದ್ದರಿಂದ ನೆಲೆಗೊಳ್ಳಲು ಸುಮಾರು 4/3.8, ಅಂದರೆ ಒಂದು ಸೆಕೆಂಡ್. ಗುರಿ ದಾಟಿ ಹೋಗುವುದು ಸುಮಾರು 12%. ನಮ್ಮ ಕೆಲಸಕ್ಕೆ ಇದು ಸಾಕಿತ್ತು, K = 5 ಅನ್ನೇ ಉಳಿಸಿಕೊಂಡೆ. ಇದಕ್ಕಿಂತ ಚುರುಕು ಬೇಕೆನ್ನುವವರು ಗೇನ್ ಮುಟ್ಟುವ ಮೊದಲು ಆ 20 ಮಿಲಿಸೆಕೆಂಡನ್ನು ಕಡಿಮೆ ಮಾಡಲಿ.