ಉರಿಮೂತ್ರ: ಮನೆಮದ್ದಿಗೆ ಎಷ್ಟು ದಿನ, ಪರೀಕ್ಷೆಗೆ ಯಾವಾಗ?

ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ 22 ವರ್ಷದ ಯುವತಿಯೊಬ್ಬಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪಾಳಿಯ ನಡುವೆ ಏಳಬೇಕಾಗುತ್ತದೆಂದು ಆಕೆ ನೀರನ್ನೇ ಕಡಿಮೆ ಕುಡಿಯುತ್ತಾಳೆ. ಒಂದು ಸಂಜೆ ಮೂತ್ರ ಮಾಡುವಾಗ ಉರಿ, ಕಿಬ್ಬೊಟ್ಟೆಯಲ್ಲಿ ಬಿಗಿತ, ಹೋಗಿ ಬಂದ ಹತ್ತೇ ನಿಮಿಷಕ್ಕೆ ಮತ್ತೆ ಅವಸರ. ಹೋದರೆ ನಾಲ್ಕು ಹನಿ. ಮನೆಯವರು ‘ಉಷ್ಣ’ ಎನ್ನುತ್ತಾರೆ. ಆದರೆ ಈ ಲಕ್ಷಣಗಳಿಗೆ ಸಾಮಾನ್ಯ ಕಾರಣ ಮೂತ್ರಕೋಶದ ಸೋಂಕು. ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ, ಹೆಂಗಸರಲ್ಲಿ ಸುಮಾರು 4 ಸೆಂ.ಮೀ. ಮಾತ್ರ ಉದ್ದವಿರುವ ಮೂತ್ರನಾಳದ ಮೂಲಕ ಸುಲಭವಾಗಿ ಮೇಲೇರುತ್ತದೆ.

ಜ್ವರವಿಲ್ಲದಿದ್ದರೆ, ಗರ್ಭಿಣಿಯಲ್ಲದಿದ್ದರೆ, ಉರಿ ಸಹಿಸುವಷ್ಟಿದ್ದರೆ ಒಂದೆರಡು ದಿನ ಮನೆಯಲ್ಲೇ ನೋಡಬಹುದು. ದಿನಕ್ಕೆ ಎರಡು, ಎರಡೂವರೆ ಲೀಟರ್ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ಒತ್ತಡ ಬಂದಾಗ ತಡೆಯದೆ ಮೂತ್ರಕೋಶವನ್ನು ಪೂರ್ತಿ ಖಾಲಿ ಮಾಡಬೇಕು. ನೋವಿಗೆ ಬಿಸಿನೀರಿನ ಚೀಲ ಸಾಕು. ಎಳನೀರು, ಬಾರ್ಲಿ ನೀರು ಕುಡಿಯಲು ಅಡ್ಡಿಯಿಲ್ಲ, ಆದರೆ ಅವು ಮೂತ್ರವನ್ನು ತೆಳುಮಾಡಿ ಉರಿಯನ್ನು ತಗ್ಗಿಸುತ್ತವೆಯೇ ಹೊರತು ಸೋಂಕನ್ನು ಕೊಲ್ಲುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಉರಿ ತಗ್ಗಿಸುವ ಸಿರಪ್ಪಿನ ಮಿತಿಯೂ ಇಷ್ಟೇ. ಉರಿ ಇಳಿದದ್ದನ್ನೇ ವಾಸಿಯಾಯಿತೆಂದು ತಿಳಿಯುವುದು ನಾನು ಹೆಚ್ಚಾಗಿ ಕಂಡಿರುವ ತಪ್ಪು.

ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಬೇಕು. ಕಳೆದ ಸಲದ್ದೋ, ಅಕ್ಕನದ್ದೋ ಉಳಿದ ಎರಡು ಆಂಟಿಬಯೋಟಿಕ್ ಮಾತ್ರೆ ನುಂಗಿ ಹೋಗಬಾರದು. ಆಮೇಲೆ ಮೂತ್ರದ ಕಲ್ಚರ್, ಅಂದರೆ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿದರೆ ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆಂಬುದು ಸರಿಯಾಗಿ ತಿಳಿಯದೇ ಹೋಗಬಹುದು. ಸೋಂಕು ಮೊದಲ ಸಲದ್ದಾಗಿ ಸರಳವಾಗಿದ್ದರೆ ಸಾಮಾನ್ಯ ಮೂತ್ರ ಪರೀಕ್ಷೆಯೇ ಸಾಕಾಗಬಹುದು. ಪದೇಪದೇ ಬರುತ್ತಿದ್ದರೆ ಕಲ್ಚರ್ ಬೇಕು, ಅದರ ವರದಿಗೆ ಎರಡು-ಮೂರು ದಿನ ಹಿಡಿಯುತ್ತದೆ.

ಮಾದರಿ ಹಿಡಿಯುವ ಕ್ರಮವೂ ಮುಖ್ಯ. ಕೈಯನ್ನು ಸೋಪಿನಿಂದ, ಮೂತ್ರದ್ವಾರದ ಸುತ್ತಲನ್ನು ಬರೀ ನೀರಿನಿಂದ ತೊಳೆದು, ಮೊದಲ ಮೂತ್ರವನ್ನು ಹಾಗೇ ಬಿಟ್ಟು, ನಡುವಿನದನ್ನು ಮಾತ್ರ ಲ್ಯಾಬ್ ಕೊಟ್ಟ ಡಬ್ಬಿಯಲ್ಲಿ ಹಿಡಿಯಬೇಕು. ಡಬ್ಬಿಯ ಒಳಭಾಗಕ್ಕೆ ಬೆರಳು ತಾಗಬಾರದು. ಎರಡು ಗಂಟೆಯೊಳಗೆ ತಲುಪಿಸಬೇಕು, ಇಲ್ಲವೇ ಫ್ರಿಜ್‌ನಲ್ಲಿಡಬೇಕು. ತಡವಾದರೆ ಚರ್ಮದಿಂದ ಸೇರಿದ ಬ್ಯಾಕ್ಟೀರಿಯಾ ಡಬ್ಬಿಯಲ್ಲೇ ಬೆಳೆದು ವರದಿ ಕೆಡುತ್ತದೆ.

ವೈದ್ಯರು ನೈಟ್ರೋಫ್ಯುರಾಂಟಾಯಿನ್ ಎಂಬ ಆಂಟಿಬಯೋಟಿಕ್ ಬರೆದರೆ ಸಾಮಾನ್ಯವಾಗಿ ಐದು ದಿನದ ಕೋರ್ಸ್ ಇರುತ್ತದೆ. ಊಟದ ಜೊತೆಗೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಉರಿ ತಗ್ಗಿಸುವ ಸಿರಪ್ ಸಾಮಾನ್ಯವಾಗಿ ಮೂತ್ರವನ್ನು ಕ್ಷಾರೀಯವಾಗಿಸುತ್ತದೆ, ಮೂತ್ರ ಕ್ಷಾರೀಯವಾದಾಗ ಈ ಔಷಧದ ಬಲ ಕುಗ್ಗುತ್ತದೆ. ಹಾಗಾಗಿ ಆ ಸಿರಪ್ ಕುಡಿಯುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಎರಡನೇ ದಿನ ಉರಿ ನಿಂತರೂ ಹೇಳಿದಷ್ಟು ದಿನ ಮುಗಿಸಬೇಕು. ಉರಿಯ ಜೊತೆ ಬಿಳಿಸೆರಗು, ತುರಿಕೆ ಇದ್ದರೆ ಕಾರಣ ಬೇರೆಯೇ ಇರಬಹುದಾದ್ದರಿಂದ ಅದನ್ನೂ ಸಂಕೋಚಪಡದೆ ತಿಳಿಸಬೇಕು.

ಚಳಿಜ್ವರ, ಪಕ್ಕೆಯ ಹಿಂಭಾಗದ ನೋವು, ವಾಂತಿ ಕಾಣಿಸಿದರೆ ಸೋಂಕು ಮೂತ್ರಪಿಂಡಕ್ಕೆ ಏರಿರುವ ಸಂಭವವಿದೆ. ಆಗ, ಹಾಗೆಯೇ ಮುಟ್ಟು ತಪ್ಪಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ಅಥವಾ ಮೂತ್ರದಲ್ಲಿ ರಕ್ತ ಕಂಡರೆ, ಎರಡು ದಿನ ಕಾಯುವ ಲೆಕ್ಕ ಅನ್ವಯಿಸುವುದಿಲ್ಲ. ಅಂದೇ ಆಸ್ಪತ್ರೆಗೆ ಹೋಗಬೇಕು.