ಕೌಂಟರಿನ ಮಾತನ್ನೇ ಪೋಸ್ಟಿಗೆ ತಂದದ್ದು

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮದೊಂದು ಸಣ್ಣ ಬೇಕರಿ. ಕೌಂಟರಿನಲ್ಲಿ ಅಪ್ಪ ಕೂರುತ್ತಾರೆ. ವಾಟ್ಸಾಪ್ ಸ್ಟೇಟಸ್ ಮತ್ತು ಇನ್‌ಸ್ಟಾಗ್ರಾಂ ನನ್ನ ಮತ್ತು ತಮ್ಮನ ಪಾಲಿಗೆ ಬಂದಿವೆ. ಮೊದಲ ಒಂದು ವರ್ಷ ಇಬ್ಬರೂ ನಮನಮಗೆ ತೋಚಿದಂತೆ ಬರೆದೆವು. ನಾನು ‘ರುಚಿಕರ ತಿನಿಸುಗಳು ಲಭ್ಯವಿವೆ’ ಎಂದರೆ, ತಮ್ಮ ಮರುದಿನ ‘ನೀನು ಇನ್ನೂ ಟೇಸ್ಟ್ ಮಾಡಿಲ್ವಾ?’ ಎಂದು ಕೇಳುತ್ತಿದ್ದ. ಹಬ್ಬ ಬಂದರೆ ಸಿದ್ಧ ಚಿತ್ರದ ಮೇಲೆ ‘ಸಮಸ್ತ ಗ್ರಾಹಕ ಬಂಧುಗಳಿಗೆ ಹಾರ್ದಿಕ ಶುಭಾಶಯಗಳು’. ದಿನವೂ ಬ್ರೆಡ್ಡಿಗೆ ಬರುವ ನಿವೃತ್ತ ಮೇಷ್ಟರೊಬ್ಬರು ಒಂದು ಸಂಜೆ ಕೇಳಿಯೇ ಬಿಟ್ಟರು: “ನಿಮ್ಮ ಅಂಗಡಿಯ ಪರವಾಗಿ ಎಷ್ಟು ಜನ ಮಾತನಾಡುತ್ತೀರಮ್ಮ?”

ಅಂಗಡಿಯ ದನಿ ಹೇಗಿರಬೇಕೆಂದು ಮೊದಲು ಗುಣವಾಚಕಗಳ ಪಟ್ಟಿ ಮಾಡಿದೆ. ಆತ್ಮೀಯ, ಸರಳ, ಪ್ರಾಮಾಣಿಕ. ಒಂದೂ ಕೆಲಸಕ್ಕೆ ಬರಲಿಲ್ಲ. ‘ಆತ್ಮೀಯವಾಗಿ ಬರೆ’ ಎಂದರೆ ತಮ್ಮ ಬರೆಯುವುದೇ ಬೇರೆ, ನಾನು ಬರೆಯುವುದೇ ಬೇರೆ. ಆಮೇಲೆ ಒಂದು ವಾರ ಬಿಲ್ ಪುಸ್ತಕದ ಹಿಂಬದಿಯಲ್ಲಿ ಅಪ್ಪ ಗಿರಾಕಿಗಳಿಗೆ ಹೇಳಿದ್ದನ್ನೆಲ್ಲ ಬರೆದುಕೊಂಡೆ. ತೀರ್ಥಹಳ್ಳಿ ಕಡೆಯ ಒಬ್ಬರು ರಸ್ಕ್ ಕೇಳಿದಾಗ ಅಪ್ಪ ಹೇಳಿದ್ದು: “ಅಡಿಕೆ ಕೊಯ್ಲಿನವರಿಗಾದರೆ ದಪ್ಪ ರಸ್ಕ್ ಒಯ್ಯಿರಿ. ಚಹಾದಲ್ಲಿ ಅದ್ದಿದರೆ ಮುರಿದು ಬೀಳುವುದಿಲ್ಲ.” ಇನ್ನೊಬ್ಬರಿಗೆ: “ಖಾರಾ ಬನ್ ಈಗ ಓವನ್ನಿಗೆ ಹೋಗಿದೆ. ಐದೂವರೆಗೆ ಬನ್ನಿ.”

ವಾರದ ಕೊನೆಗೆ ಓದಿ ನೋಡಿದರೆ, ಅಪ್ಪ ಒಮ್ಮೆಯೂ ಯಾವ ತಿನಿಸನ್ನೂ ‘ರುಚಿಯಾಗಿದೆ’ ಎಂದಿರಲಿಲ್ಲ. ಯಾವಾಗ ಸಿಗುತ್ತದೆ, ಇವತ್ತು ಹೇಗೆ ಬಂದಿದೆ, ಯಾರಿಗೆ ಹೊಂದುತ್ತದೆ ಎಂಬುದಷ್ಟೇ ಅವರ ಮಾತು. ನಮಗೆ ಬೇಕಾದ ದನಿ ಅದೇ ಎಂದು ಅಲ್ಲಿಗೆ ತೀರ್ಮಾನವಾಯಿತು.

ಮುಂದಿನ ಪ್ರಶ್ನೆ ವ್ಯಾಕರಣದ್ದು. ಕನ್ನಡದಲ್ಲಿ ದನಿ ಹೆಚ್ಚಾಗಿ ಕೆಡುವುದು ಅಲ್ಲಿಯೇ. ಮಾತನಾಡುವುದು ‘ನಾವು’, ‘ನಾನು’ ಅಲ್ಲ, ‘ನಮ್ಮ ಸಂಸ್ಥೆಯು’ ಅಂತೂ ಅಲ್ಲವೇ ಅಲ್ಲ. ಎದುರಿಗಿರುವವರು ಯಾವಾಗಲೂ ‘ನೀವು’, ಹೈಸ್ಕೂಲು ಹುಡುಗರಾದರೂ. ಆದರೆ ‘ನೀವು’ ಎಂದು ಬರೆಯಬೇಕಾಗಿಲ್ಲ. ‘ಬನ್ನಿ’, ‘ಹೇಳಿ’, ‘ತೆಗೆದುಕೊಳ್ಳಿ’ ಎಂದರೆ ಅದರಲ್ಲೇ ಬಂತು. ಆಡುಮಾತಿನಲ್ಲಿ ಬರೆಯಬೇಕೋ ಗ್ರಂಥಭಾಷೆಯಲ್ಲೋ ಎಂದು ತಮ್ಮನಿಗೂ ನನಗೂ ಬಹಳ ಜಗಳವಾಯಿತು. ಆಡುಮಾತು ಚುಟುಕಾಗಿರುತ್ತದೆ ನಿಜ, ಆದರೆ ಇಬ್ಬರೂ ಅದನ್ನು ಎರಡು ರೀತಿ ಬರೆಯುತ್ತಿದ್ದೆವು, ದಿನಕ್ಕೊಂದು ಕಾಗುಣಿತ. ಕೊನೆಗೆ ಸಿಕ್ಕ ದಾರಿ ಇದು: ಎರಡರಲ್ಲೂ ಒಂದೇ ಆಗಿರುವ ಪದಗಳಿಂದ ವಾಕ್ಯ ಮುಗಿಸುವುದು. ಇದೆ, ಇಲ್ಲ, ಬನ್ನಿ, ಸಾಕು, ಬೇಡ. ‘ಲಭ್ಯವಿದೆ’ ಎಂದು ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ, ‘ಇದೆ’ ಎನ್ನುತ್ತಾರೆ. ಆದ್ದರಿಂದ ‘ಲಭ್ಯ’ ಹೋಯಿತು. ಅದರ ಜೊತೆಗೆ ‘ಬಾಯಲ್ಲಿ ನೀರೂರಿಸುವ’, ‘ಇಂದೇ ಭೇಟಿ ನೀಡಿ’, ಎಲ್ಲ ಆಶ್ಚರ್ಯಸೂಚಕ ಚಿಹ್ನೆಗಳೂ ಹೋದವು. ‘ಎಗ್‌ಲೆಸ್’ ಉಳಿಯಿತು, ಏಕೆಂದರೆ ಗಿರಾಕಿಗಳು ಹಾಗೆಯೇ ಕೇಳುತ್ತಾರೆ.

ಒಂದು ಪೋಸ್ಟು ಹೇಗೆ ಬದಲಾಯಿತೆಂದು ನೋಡಿ. ನಾನು ಮೊದಲು ಬರೆದದ್ದು:

‘ಮಳೆಗಾಲದ ವಿಶೇಷ!!! ಬಾಯಲ್ಲಿ ನೀರೂರಿಸುವ ಬಿಸಿಬಿಸಿ ಖಾರಾ ಬನ್ ನಮ್ಮಲ್ಲಿ ಲಭ್ಯವಿದೆ. ಇಂದೇ ಭೇಟಿ ನೀಡಿ!’

ಅದೇ ಬನ್ನಿಗೆ ಈಗ ಬರೆಯುವುದು:

‘ಐದೂವರೆಗೆ ಖಾರಾ ಬನ್. ಹಸಿಮೆಣಸು ಇವತ್ತು ಜೋರಾಗಿದೆ, ಮಕ್ಕಳಿಗೆ ಸಿಹಿ ಬನ್ ಇದೆ. ಏಳು ಗಂಟೆಯವರೆಗೆ ಉಳಿದರೆ ಹೆಚ್ಚು.’

ಗಂಟೆ ಮೊದಲಿಗೆ ಬಂದದ್ದಕ್ಕೆ ಕಾರಣವಿದೆ. ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ಕೆಳಗಿನ ಬರಹದ ಮೊದಲ ಸಾಲೆರಡು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಒತ್ತಿ ತೆರೆಯಬೇಕು. ಒತ್ತದವರಿಗೂ ಸಮಯ ತಿಳಿದಿರಬೇಕು. ಮೆಣಸಿನ ಮಾತು ನಾವು ಬನ್ ತಿಂದು ನೋಡಿದ ಮೇಲೆಯೇ ಬರೆಯಬಹುದಾದದ್ದು; ಇನ್ನೊಂದು ಬೇಕರಿಯವರು ನಕಲು ಮಾಡಿ ಹಾಕಲಾರರು. ಈ ಪದ್ಧತಿಯಿಂದ ಒಂದು ತೊಡಕೂ ಆಯಿತು. ಬೆಣ್ಣೆ ಬಿಸ್ಕತ್ತಿನ ಬಗ್ಗೆ ‘ಶುದ್ಧ ಬೆಣ್ಣೆಯದು’ ಎಂದು ಬರೆಯಲು ಹೋದಾಗ ಅಪ್ಪ ತಡೆದರು. ಅದರಲ್ಲಿ ಅರ್ಧ ವನಸ್ಪತಿ ಇರುವುದು ನನಗೆ ತಿಳಿದದ್ದೇ ಆವತ್ತು. ಹೆಸರು ಹಾಗೆಯೇ ಉಳಿಯಿತು, ‘ಶುದ್ಧ’ ನಮ್ಮ ಪೋಸ್ಟುಗಳಿಗೆ ಮತ್ತೆ ಬರಲಿಲ್ಲ.

ದೊಡ್ಡ ಎಡವಟ್ಟಾದದ್ದು ಜುಲೈನಲ್ಲಿ. ವಾರವಿಡೀ ಮಳೆ ಹಿಡಿದು, ಪಫ್ಸ್ ಗಾಜಿನ ಪೆಟ್ಟಿಗೆಯಲ್ಲಿ ಅರ್ಧ ಗಂಟೆ ಇಟ್ಟರೆ ಮೆತ್ತಗಾಗುತ್ತಿತ್ತು. ತಮ್ಮ ‘ಪಫ್ಸಿಗೂ ನೆಗಡಿ. ಬಿಸಿಯಿದ್ದಾಗಲೇ ಬನ್ನಿ’ ಎಂದು ಬರೆದ, ಜನ ನಕ್ಕರು. ಎರಡು ದಿನ ಬಿಟ್ಟು ಒಬ್ಬ ತಾಯಿ ಸಂದೇಶ ಕಳುಹಿಸಿದರು. ಹುಟ್ಟುಹಬ್ಬದ ಕೇಕಿನ ಮೇಲೆ ಮಗುವಿನ ಹೆಸರಿನ ಕೊನೆಯ ಅಕ್ಷರವೇ ಇರಲಿಲ್ಲ. ಅದೇ ಲಹರಿಯಲ್ಲಿದ್ದ ತಮ್ಮ ‘ಕ್ರೀಮ್ ಮುಗಿದಿರಬೇಕು’ ಎಂದು ಉತ್ತರಿಸಿದ. ಆಕೆ ಮತ್ತೆ ಬರೆಯಲಿಲ್ಲ. ನಾನು ಅದನ್ನು ಕಂಡಾಗ ರಾತ್ರಿಯಾಗಿತ್ತು. ‘ತಪ್ಪು ನಮ್ಮದು. ಚೀಟಿಯಲ್ಲಿ ಹೆಸರು ಸರಿಯಾಗಿಯೇ ಇದೆ. ನಾಳೆ ಹನ್ನೊಂದು ಗಂಟೆಯೊಳಗೆ ಅರ್ಧ ಕೆಜಿ ಕೇಕ್ ಮನೆಗೆ ತಂದುಕೊಡುತ್ತೇವೆ, ಹಣ ಬೇಡ’ ಎಂದು ಬರೆದೆ. ಕೇಕ್ ತಲುಪಿತು, ಹುಟ್ಟುಹಬ್ಬ ಮಾತ್ರ ಮುಗಿದುಹೋಗಿತ್ತು. ಅಪ್ಪ ಕೌಂಟರಿನಲ್ಲಿ ತಮಾಷೆ ಮಾಡುವುದಿಲ್ಲವೆಂದಲ್ಲ. ಮಳೆಯ ಮೇಲೆ ಮಾಡುತ್ತಾರೆ, ತಮ್ಮ ಮೇಲೆಯೇ ಮಾಡಿಕೊಳ್ಳುತ್ತಾರೆ. ದುಡ್ಡು ಕೊಟ್ಟು ಬೇಸರಗೊಂಡವರ ಮುಂದೆ ಅಪ್ಪನ ಬಾಯಲ್ಲಿ ಬರುವುದು ಮೂರೇ ಮಾತು: ಏನಾಯಿತು, ಏನು ಮಾಡುತ್ತೇವೆ, ಯಾವಾಗ. ಈ ತೀರ್ಮಾನಗಳನ್ನೆಲ್ಲ ಬರೆದು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡಿರುವ ಹಾಳೆಗೆ ಅದನ್ನೂ ಸೇರಿಸಿದೆವು.

ಹಾಳೆ ಒಂದೇ ಪುಟದ್ದು. ಅದಕ್ಕಿಂತ ಉದ್ದವಾದರೆ ಯಾರೂ ನೋಡುವುದಿಲ್ಲ. ನಿಜವಾಗಿ ಕೆಲಸ ಮಾಡುವುದು ಅದರ ಕೆಳಗಿನ ಅಭ್ಯಾಸ: ಒಬ್ಬರು ಬರೆದದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ ನಂತರ ಹಾಕುವುದು. ಓದುವಾಗ ನಾಲಿಗೆ ತಡವರಿಸಿದ ಪದವನ್ನು ತೆಗೆಯುತ್ತೇವೆ. ತಿಂಗಳಿಗೊಮ್ಮೆ ಹಿಂದಿನ ಹನ್ನೆರಡು ಪೋಸ್ಟುಗಳ ಚಿತ್ರವನ್ನೂ ಅಂಗಡಿಯ ಹೆಸರನ್ನೂ ಮುಚ್ಚಿ ಬರಹವನ್ನಷ್ಟೇ ಓದುತ್ತೇವೆ. ಯಾವುದೇ ಬೇಕರಿಯದಾಗಬಹುದು ಎನಿಸಿದ್ದಕ್ಕೆ ಗುರುತು. ಮೊದಲ ಸಲ ಐದು ಸಿಕ್ಕವು, ಅವುಗಳಲ್ಲಿ ನಾಲ್ಕು ನನ್ನವೇ.

ನಮ್ಮ ಕಣ್ಣಿಗೆ ಬಹಳ ದಿನ ಬೀಳದೇ ಹೋದದ್ದು ತಾನಾಗಿಯೇ ಹೋಗುವ ಉತ್ತರಗಳು. ವಾಟ್ಸಾಪ್ ಬಿಸಿನೆಸ್ ಜೊತೆಗೆ ಬಂದ ಇಂಗ್ಲಿಷ್ ಸಂದೇಶವೇ ರಾತ್ರಿ ಬರೆದವರಿಗೆಲ್ಲ ಹೋಗುತ್ತಿತ್ತು. ಈಗ ಹೋಗುವುದು: ‘ಬಾಗಿಲು ಹಾಕಿದ್ದೇವೆ. ಬೆಳಗ್ಗೆ ಆರೂವರೆಗೆ ಬನ್ನಿ. ಕೇಕ್ ಬೇಕಿದ್ದರೆ ಎಷ್ಟು ಕೆಜಿ, ಯಾವ ದಿನ, ಎಗ್‌ಲೆಸ್ ಬೇಕೇ ಎಂದು ಬರೆದಿಡಿ.’ ಹಗಲಿನಲ್ಲಿ `/cake` ಎಂದು ಒತ್ತಿದರೆ ಇದೇ ಪ್ರಶ್ನೆಗಳು ಬರುವಂತೆ ತ್ವರಿತ ಉತ್ತರ ಮಾಡಿಟ್ಟಿದ್ದೇವೆ. ಮೊಬೈಲ್ ಯಾರ ಕೈಯಲ್ಲಿದ್ದರೂ ಮಾತು ಒಂದೇ.

ರೀಲ್ಸ್ ವಿಷಯದಲ್ಲಿ ನಾನು ಸೋತೆ. ಸಿನಿಮಾ ಸಂಭಾಷಣೆಗೆ ಬಾಯಾಡಿಸುವುದನ್ನು ತಮ್ಮ ಬಿಡಲೊಲ್ಲ. ಅವು ಅವನ ಸ್ವಂತ ಖಾತೆಗೆ ಹೋಗುತ್ತವೆ. ಅಂಗಡಿಯ ಖಾತೆಯ ರೀಲಿನಲ್ಲಿ ಮಾತೇ ಇಲ್ಲ: ತಟ್ಟೆ ಎಳೆಯುವ ಸದ್ದು, ಬ್ರೆಡ್ ಕೊಯ್ಯುವ ಸದ್ದು, ಹೊರಗೆ ಮಳೆ.

ಮೊನ್ನೆ ಅವನು ಸ್ಟೇಟಸ್ಸಿಗೆ ಬರೆದ: ‘ದಿಲ್‌ಪಸಂದ್ ಒಂದೇ ಇದೆ. ಬೆಳಗ್ಗಿನದು.’ ಅಪ್ಪ ಕನ್ನಡಕ ಏರಿಸಿ ನೋಡಿ, “ಬೆಳಗ್ಗಿನದು ಎಂದು ಊರಿಗೆಲ್ಲ ಸಾರಬೇಕೇನೋ?” ಎಂದು ಗದರಿದರು.

“ಕೇಳಿದವರಿಗೆಲ್ಲ ನೀನೇ ಹಾಗೆ ಹೇಳುತ್ತೀಯಲ್ಲಪ್ಪ.”

ಅಪ್ಪ ಏನೂ ಹೇಳದೆ ದಿಲ್‌ಪಸಂದನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟರು, ಯಾರಾದರೂ ಕೇಳಿಕೊಂಡು ಬಂದರೆ ಇರಲಿ ಎಂದು.