ವ್ಯಾಕ್ಸಿನ್ ಕೆಟ್ಟಿದ್ದು ಬಿಸಿಲಿಗಲ್ಲ, ನಮ್ಮ ಐಸ್ ಪ್ಯಾಕ್‌ಗೆ

ಎರಡು ವರ್ಷದ ಹಿಂದಿನ ಏಪ್ರಿಲ್. ವಿಜಯಪುರದ ಮಕ್ಕಳ ಡಾಕ್ಟರೊಬ್ಬರು ನಾನು ಕಳಿಸಿದ ಬಾಕ್ಸನ್ನು ಅದೇ ಬಸ್ಸಿಗೆ ವಾಪಸ್ ಹಾಕಿಸಿದರು. ಫೋನಿನಲ್ಲಿ ಹೇಳಿದ್ದು ಇಷ್ಟೇ: "ಬಾಟ್ಲಿ ಐಸ್ ಪ್ಯಾಕಿಗೆ ಅಂಟ್ಕೊಂಡಾವ್ರಿ. ನಾ ಇವನ್ನ ಯಾವ ಕೂಸಿಗೂ ಹಾಕಂಗಿಲ್ಲ." ಹೆಪಟೈಟಿಸ್ ಬಿ ಮತ್ತು ಪೆಂಟಾ ವ್ಯಾಕ್ಸಿನ್, ಒಟ್ಟು ಒಂದೂವರೆ ಲಕ್ಷದ ಮಾಲು. ಎಲ್ಲ ನನ್ನ ತಲೆ ಮೇಲೆ ಬಂತು.

ಬೆಳಗಾವಿಯಲ್ಲಿ ನನ್ನದು ಎರಡು ಕೋಲ್ಡ್ ರೂಮ್. ಒಂದರಲ್ಲಿ ಗೋವಾಕ್ಕೆ ಹೋಗುವ ತರಕಾರಿ, ಇನ್ನೊಂದರಲ್ಲಿ ವ್ಯಾಕ್ಸಿನ್. ಹತ್ತು ವರ್ಷದಿಂದ ನಾವೆಲ್ಲ ಹೆದರಿದ್ದು ಬಿಸಿಲಿಗೆ ಮಾತ್ರ. ಬಾಟ್ಲಿ ಮೇಲೆ ಬಿಸಿ ತಾಗಿದರೆ ಬಣ್ಣ ಬದಲಿಸುವ ಗುರುತು ಇರುತ್ತದೆ, ವಿವಿಎಂ ಅಂತ. ಅದರ ಬಣ್ಣ ನೋಡುತ್ತೇವೆ, ಸರಿ ಇದೆ ಅಂತ ಕಳಿಸುತ್ತೇವೆ. ಆದರೆ ವಿವಿಎಂ ಹೇಳುವುದು ಬಿಸಿಯ ಲೆಕ್ಕವನ್ನಷ್ಟೇ, ಹೆಪ್ಪುಗಟ್ಟಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ವಾಪಸ್ ಬಂದ ಬಾಟ್ಲಿಗಳ ವಿವಿಎಂ ಎಲ್ಲವೂ ಹೊಸದರ ಹಾಗೇ ಇದ್ದವು.

ಮನಸ್ಸಿಗೆ ಸಮಾಧಾನ ಆಗದೆ ಶೇಕ್ ಟೆಸ್ಟ್ ಮಾಡಿದೆ. ಅದೇ ಬ್ಯಾಚಿನ ಒಂದು ಬಾಟ್ಲಿಯನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿ, ಕರಗಿಸಿ, ವಾಪಸ್ ಬಂದ ಬಾಟ್ಲಿಗಳ ಜೊತೆ ಒಟ್ಟಿಗೆ ಅಲ್ಲಾಡಿಸಿ ಮೇಜಿನ ಮೇಲಿಟ್ಟೆ. ಇಪ್ಪತ್ತು ನಿಮಿಷಕ್ಕೆ ಬೇಕಂತಲೇ ಕೆಡಿಸಿದ ಬಾಟ್ಲಿಯಲ್ಲಿ ಮೇಲೆ ತಿಳಿ ನೀರು, ಕೆಳಗೆ ಬಿಳಿ ಗಸಿ. ಐಸ್ ಪ್ಯಾಕ್ ಪಕ್ಕ ಇದ್ದ ನಾಲ್ಕು ಬಾಟ್ಲಿಗಳೂ ಹಾಗೇ ಕೂತಿದ್ದವು. ನಡುವಿನವು ಮಾತ್ರ ಒಂದೇ ಸಮನೆ ಬೆಳ್ಳಗೆ ಉಳಿದವು. ಡಾಕ್ಟರ್ ಹೇಳಿದ್ದೇ ನಿಜ.

ಬಾಕ್ಸ್ ಸರಿ ಮಾಡುವ ಮೊದಲು ರೂಮನ್ನೇ ನೋಡೋಣ ಅಂತ ತಾಪಮಾನ ಬರೆದಿಟ್ಟುಕೊಳ್ಳುವ ಹದಿನಾಲ್ಕು ಯುಎಸ್‌ಬಿ ಲಾಗರ್ ತರಿಸಿದೆ. ಒಂದಕ್ಕೆ ಎರಡು ಸಾವಿರದ ಆಸುಪಾಸು. ನಮ್ಮ ಮೆಕ್ಯಾನಿಕ್ ನಕ್ಕ. "ಡಿಸ್‌ಪ್ಲೇ ಐದು ತೋರಸಾಕತ್ತೈತಿ, ಇನ್ನೇನ್ ಬೇಕ್ರಿ ಸರ?" ಪಾರ್ಟ್ನರ್‌ಗೂ ಅದು ದಂಡದ ಖರ್ಚು ಅನ್ನಿಸಿತ್ತು.

ಲಾಗರ್‌ಗಳನ್ನು ಹಾಗೇ ನಂಬಲಿಲ್ಲ. ಫ್ಲಾಸ್ಕಿನಲ್ಲಿ ಪುಡಿ ಐಸ್ ತುಂಬಿ, ಸಂದಿ ಮುಚ್ಚುವಷ್ಟು ನೀರು ಹಾಕಿ, ಲಾಗರ್‌ಗಳನ್ನು ಜಿಪ್ ಕವರಿನಲ್ಲಿಟ್ಟು ಒಳಗೆ ಇಳಿಸಿದೆ. ಅರ್ಧ ಗಂಟೆ ಬಿಟ್ಟರೆ ಸೊನ್ನೆ ತೋರಿಸಲೇಬೇಕು. ಎರಡು ಲಾಗರ್ ಹೆಚ್ಚುಕಡಿಮೆ ಒಂದು ಡಿಗ್ರಿ ತಪ್ಪು ಹೇಳಿದವು. ಅವನ್ನು ಬದಿಗಿಟ್ಟೆ. ಉಳಿದ ಹನ್ನೆರಡರಲ್ಲಿ ಎಂಟು ಮೂಲೆಗೆ ಎಂಟು, ನಡುವೆ ಒಂದು, ಬ್ಲೋವರ್ ಎದುರು ಒಂದು, ಬಾಗಿಲ ಹತ್ತಿರ ಒಂದು, ಕಂಟ್ರೋಲರ್ ಪ್ರೋಬ್ ಪಕ್ಕ ಒಂದು. ಐದು ನಿಮಿಷಕ್ಕೊಂದು ರೀಡಿಂಗ್. ಖಾಲಿ ರೂಮಿನಲ್ಲಿ ಎರಡು ದಿನ, ಮಾಲು ತುಂಬಿ ಇನ್ನೆರಡು ದಿನ.

ಗ್ರಾಫ್ ತೆಗೆದಾಗ ಪ್ರೋಬ್ ಪಕ್ಕದ ಲಾಗರ್ ನಿಜಕ್ಕೂ ಐದರ ಸುತ್ತಮುತ್ತ ಇತ್ತು. ಆದರೆ ಆ ಪ್ರೋಬ್ ಇದ್ದದ್ದು ಬ್ಲೋವರ್‌ಗೆ ವಾಪಸ್ ಬರುವ ಗಾಳಿಯಲ್ಲಿ. ರೂಮೆಲ್ಲ ಸುತ್ತಿ ಸ್ವಲ್ಪ ಬೆಚ್ಚಗಾದ ಗಾಳಿ ಅದು. ಬ್ಲೋವರ್ ಎದುರಿನ ಮೇಲಿನ ರ‍್ಯಾಕ್‌ನಲ್ಲಿ ಕಂಪ್ರೆಸರ್ ಓಡಿದಾಗಲೆಲ್ಲ ಮೈನಸ್ ಒಂದಕ್ಕೆ ಇಳಿಯುತ್ತಿತ್ತು. ನಾವು ಹೆಪಟೈಟಿಸ್ ಬಿ ಇಡುತ್ತಿದ್ದದ್ದು ಅಲ್ಲೇ, "ಚೆನ್ನಾಗಿ ತಂಪಿರುತ್ತೆ" ಅಂತ. ಅದು ಮೈನಸ್ ಅರ್ಧ ಡಿಗ್ರಿಗೇ ಹೆಪ್ಪುಗಟ್ಟುವ ಮಾಲು. ಗಾಳಿ ಇಳಿದ ಕೂಡಲೇ ಬಾಟ್ಲಿ ಇಳಿಯುವುದಿಲ್ಲ ಅಲ್ವಾ, ಹಾಗಾಗಿ ಗ್ಲೈಕಾಲ್ ತುಂಬಿದ ಪುಟ್ಟ ಬಾಟ್ಲಿಯಲ್ಲಿ ಪ್ರೋಬ್ ಇಳಿಸಿಯೂ ನೋಡಿದೆ. ಸೊನ್ನೆಗಿಂತ ಅರ್ಧ ಡಿಗ್ರಿ ಮೇಲೆ ಬಂದು ನಿಂತಿತು. ಇಷ್ಟು ವರ್ಷ ಉಳಿದದ್ದು ಕೂದಲೆಳೆಯಲ್ಲಿ.

ಇದರ ರಿಪೇರಿಗೆ ಖರ್ಚಾಗಿದ್ದು ತೀರ ಕಡಿಮೆ. ಕಂಟ್ರೋಲರ್‌ನ ಡಿಫರೆನ್ಷಿಯಲ್, ಅಂದ್ರೆ ಕಂಪ್ರೆಸರ್ ಆನ್ ಆಗುವ ಮತ್ತು ಆಫ್ ಆಗುವ ಡಿಗ್ರಿಗಳ ನಡುವಿನ ಅಂತರ, ನಾಲ್ಕಿತ್ತು, ಒಂದೂವರೆಗೆ ಇಳಿಸಿದೆ. ಕಂಪ್ರೆಸರ್ ಪದೇ ಪದೇ ಆನ್ ಆಫ್ ಆಗಬಾರದು ಅಂತ ಮೂರು ನಿಮಿಷದ ಡಿಲೇ ಇಟ್ಟೆ. ಬ್ಲೋವರ್ ಮುಂದೆ ಗಾಳಿಯನ್ನು ಮೇಲಕ್ಕೆ ತಿರುಗಿಸುವ ತಗಡು ಹಾಕಿಸಿದೆ, ರ‍್ಯಾಕನ್ನು ಒಂದೂವರೆ ಅಡಿ ಹಿಂದೆ ಸರಿಸಿದೆ. ಮತ್ತೆ ಎರಡು ದಿನ ಮ್ಯಾಪ್ ಮಾಡಿದರೆ ಅತಿ ತಣ್ಣನೆ ಜಾಗದಲ್ಲೂ ಎರಡೂವರೆ. ಗ್ರಾಫ್ ನೋಡಿದ ಮೇಲೆ ಆ ಮೆಕ್ಯಾನಿಕ್ ಬೇರೆ ಎರಡು ಕಡೆ ಇದೇ ತಗಡು ಹಾಕಿದ್ದಾನೆ.

ಬಾಕ್ಸ್ ಮಾತ್ರ ಮೂರು ತಿಂಗಳು ತಿಂದಿತು. ಐಸ್ ಪ್ಯಾಕನ್ನು ಹೊರಗಿಟ್ಟು, ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಬಂದ ಮೇಲೇ ತುಂಬಬೇಕು ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಬಸ್ಸು ಆರೂವರೆಗೆ. ಬೇಸಿಗೆಯಲ್ಲಿ ಅರ್ಧ ಮುಕ್ಕಾಲು ಗಂಟೆಗೆ ಬರುವ ಸದ್ದು ಡಿಸೆಂಬರ್‌ನಲ್ಲಿ ಒಂದೂವರೆ ಗಂಟೆಯಾದರೂ ಬರುವುದಿಲ್ಲ. ಹುಡುಗರು ಕಾಯುವುದಿಲ್ಲ. ಅವರನ್ನು ಬೈದು ಫಲವಿಲ್ಲ, ಬಾಕ್ಸೇ ಆ ತಪ್ಪನ್ನು ತಡೆದುಕೊಳ್ಳಬೇಕು.

ಮೊದಲು ಬರೀ ತಣ್ಣೀರಿನ ಪ್ಯಾಕ್ ಹಾಕಿ ನೋಡಿದೆ. ಹೆಪ್ಪುಗಟ್ಟುವ ಭಯ ಹೋಯಿತು, ಆದರೆ ಮೂರನೇ ಗಂಟೆಗೇ ವ್ಯಾಕ್ಸಿನ್ ದಾಟಬಾರದ ಎಂಟು ಡಿಗ್ರಿ ದಾಟಿತು. ಐಸ್ ಬದಲು ಐದು ಡಿಗ್ರಿಗೆ ಕರಗುವ ವಸ್ತು ತುಂಬಿದ ಪಿಸಿಎಂ ಪ್ಯಾಕ್ ತರಿಸಿದೆ. ಕೆಲಸ ಚೆನ್ನಾಗಿತ್ತು, ಆದರೆ ಹದಿನೆಂಟು ಸಾವಿರದ ಪ್ಯಾಕ್‌ಗಳಲ್ಲಿ ಅರ್ಧ ಗಿರಾಕಿಗಳಿಂದ ವಾಪಸ್ಸೇ ಬರಲಿಲ್ಲ. ನಮ್ಮಂಥ ಸಣ್ಣವರಿಗೆ ಅದು ಆಗದ ಮಾತು.

ಕೊನೆಗೆ ಹಿಡಿದ ದಾರಿ ಐಸ್ ಪ್ಯಾಕ್, ತಣ್ಣೀರಿನ ಪ್ಯಾಕ್ ಎರಡನ್ನೂ ಸೇರಿಸುವುದು. ಐವತ್ತು ಎಂಎಂ ದಪ್ಪದ ಥರ್ಮೋಕೋಲ್ ಬಾಕ್ಸ್. ಗೋಡೆಗೆ ತಾಗಿ ನಾನೂರು ಗ್ರಾಂನ ಆರು ಐಸ್ ಪ್ಯಾಕ್. ಅದರ ಒಳಗೆ, ಎಲ್ಲ ಐಸ್ ಪ್ಯಾಕ್‌ಗೂ ಅಡ್ಡವಾಗಿ, ಅದೇ ಕೋಲ್ಡ್ ರೂಮಿನಲ್ಲಿ ಒಂದು ದಿನ ಇಟ್ಟ ನೀರಿನ ಪ್ಯಾಕ್. ನಂತರ ಒಂದು ಪದರ ರಟ್ಟು, ಆಮೇಲೆ ವ್ಯಾಕ್ಸಿನ್. ಲೆಕ್ಕ ಸುಲಭ. ಮೈನಸ್ ಇಪ್ಪತ್ತರ ಐಸ್ ಪ್ಯಾಕ್ ಸೊನ್ನೆಗೆ ಬರುವಷ್ಟರಲ್ಲಿ ಪಕ್ಕದ ನೀರನ್ನು ಸೊನ್ನೆಗೆ ಇಳಿಸಿ, ಅದರಲ್ಲಿ ಸ್ವಲ್ಪವನ್ನಷ್ಟೇ ಗಟ್ಟಿ ಮಾಡಬಲ್ಲದು. ಒಳಗೆ ನೀರು ಉಳಿದಿರುವವರೆಗೆ ಆ ಪ್ಯಾಕ್ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಹುಡುಗ ಅವಸರ ಮಾಡಿದರೂ ಬಾಟ್ಲಿ ಉಳಿಯುತ್ತದೆ. ಹಾಗಂತ ಸದ್ದು ಬರುವವರೆಗೆ ಕಾಯುವ ನಿಯಮ ಬಿಟ್ಟಿಲ್ಲ. ಮುಚ್ಚಳದ ಒಳಭಾಗಕ್ಕೆ ಏನು ಅಂಟಿಸುತ್ತೇನೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ತುಂಬ ದಿನ ಕಳೆದಿದ್ದೇನೆ.

ಮರುವರ್ಷದ ಮೇ ತಿಂಗಳಲ್ಲಿ ತಗಡಿನ ಶೆಡ್ಡಿನಲ್ಲಿಟ್ಟು ನೋಡಿದೆ. ಹೊರಗೆ ನಲವತ್ತರ ಹತ್ತಿರ. ಒಳಗೆ ಅತಿ ಕಡಿಮೆ ಎರಡು ಪಾಯಿಂಟ್ ನಾಲ್ಕು, ಎಂಟು ದಾಟಿದ್ದು ಹನ್ನೊಂದನೇ ಗಂಟೆಯಲ್ಲಿ. ವಿಜಯಪುರಕ್ಕೆ ಬಸ್ಸಿನ ದಾರಿ ಐದಾರು ಗಂಟೆ. ಪ್ಯಾಕಿಂಗ್ ಖರ್ಚು ಬಾಕ್ಸಿಗೆ ನಲವತ್ತು ರೂಪಾಯಿಯಷ್ಟು ಜಾಸ್ತಿಯಾಯಿತು, ಅಷ್ಟೇ.

ಲಾಗರ್ ಸುಮ್ನೆ ಬಿದ್ದಿದ್ದವು ಅಂತ ತರಕಾರಿ ರೂಮಿಗೂ ಹಾಕಿದೆ. ಗೋವಾದ ಗಿರಾಕಿ ವರ್ಷದಿಂದ ಬೀನ್ಸ್‌ನಲ್ಲಿ ತುಕ್ಕಿನಂಥ ಕಂದು ಚುಕ್ಕಿ ಬರುತ್ತೆ ಅಂತ ದುಡ್ಡು ಕಡಿಯುತ್ತಿದ್ದ. ರೋಗ ಅಂತ ರೈತರ ಮೇಲೆ ಹಾಕುತ್ತಿದ್ದೆವು. ಬೀನ್ಸ್ ಇಟ್ಟ ಮೂಲೆ ನೋಡಿದರೆ ಎರಡು ಡಿಗ್ರಿ. ಬೀನ್ಸ್‌ಗೆ ಐದರ ಕೆಳಗೆ ಚಳಿ ಹೊಡೆಯುತ್ತದೆ, ರೂಮಿನಲ್ಲಿ ಏನೂ ಕಾಣುವುದಿಲ್ಲ, ಹೊರಗೆ ತೆಗೆದ ಮೇಲೆ ಚುಕ್ಕಿ ಏಳುತ್ತದೆ. ಈಗ ಆ ಮೂಲೆಯಲ್ಲಿ ಕ್ಯಾರೆಟ್ ಮತ್ತು ಕೋಸು, ಅವಕ್ಕೆ ಸೊನ್ನೆ ಹತ್ತಿರ ಬಂದರೂ ಚಿಂತೆಯಿಲ್ಲ. ಬೀನ್ಸ್ ಬಾಗಿಲ ಕಡೆಗೆ ಬಂದಿದೆ. ರೈತರಿಗೆ ಕಡಿದಿದ್ದ ದುಡ್ಡನ್ನು ಆ ಸೀಸನ್ನಿನ ಮಟ್ಟಿಗೆ ವಾಪಸ್ ಕೊಟ್ಟೆ.

ಇನ್ನೊಂದು ಪ್ರಯೋಗವೂ ಅಲ್ಲೇ ಆಯಿತು. ಮಧ್ಯಾಹ್ನ ಕಿತ್ತ ಬೀನ್ಸ್ ಮೂವತ್ತು ಡಿಗ್ರಿಯಲ್ಲಿ ಬರುತ್ತದೆ. ಕ್ರೇಟ್ ಒಟ್ಟಿಟ್ಟರೆ ನಡುವಿನ ಕಾಯಿ ತಣ್ಣಗಾಗಲು ರಾತ್ರಿಯೆಲ್ಲ ಬೇಕು. ಕ್ರೇಟ್‌ಗಳನ್ನು ಎರಡು ಸಾಲಾಗಿ ಜೋಡಿಸಿ, ನಡುವೆ ಓಣಿ ಬಿಟ್ಟು, ಓಣಿಯ ಮೇಲೆ ಮತ್ತು ಹಿಂದೆ ತಾಡಪಾಲು ಮುಚ್ಚಿ, ಮುಂದೆ ಎಕ್ಸಾಸ್ಟ್ ಫ್ಯಾನ್ ಇಟ್ಟೆ. ಫ್ಯಾನ್ ಓಣಿಯ ಗಾಳಿ ಎಳೆದಾಗ ತಣ್ಣನೆ ಗಾಳಿ ಕ್ರೇಟಿನ ಒಳಗಿಂದಲೇ ಹಾದು ಬರಬೇಕು. ಎರಡೂವರೆ ಗಂಟೆಗೆ ನಡುವಿನ ಕಾಯಿ ಒಂಬತ್ತಕ್ಕೆ ಬಂತು. ಫ್ಯಾನ್ ಮತ್ತು ತಾಡಪಾಲು ಸೇರಿ ಏಳು ಸಾವಿರ. ತಣ್ಣಗಾದ ಕೂಡಲೇ ಫ್ಯಾನ್ ನಿಲ್ಲಿಸಬೇಕು, ಮೊದಲ ದಿನ ಬೆಳಗಿನವರೆಗೆ ಬಿಟ್ಟು ಮೇಲಿನ ಕ್ರೇಟ್‌ಗಳು ಬಾಡಿದ್ದವು.

ಈಗ ಪ್ರತಿ ರೂಟಿಗೂ ವಾರಕ್ಕೊಂದು ಬಾಕ್ಸಿನಲ್ಲಿ ಲಾಗರ್ ಹೋಗುತ್ತದೆ, ಐಸ್ ಕಡೆಯ ಮೂಲೆಯ ಬಾಟ್ಲಿ ಪಕ್ಕ. ವಿಜಯಪುರದ ಡಾಕ್ಟರ್ ಮತ್ತೆ ನಮ್ಮಲ್ಲೇ ತರಿಸುತ್ತಿದ್ದಾರೆ. ಬಾಕ್ಸ್ ಮುಟ್ಟಿದ ಕೂಡಲೇ ಲಾಗರನ್ನು ಅವರೇ ಕಂಪ್ಯೂಟರಿಗೆ ಹಾಕಿ ಗ್ರಾಫ್ ನೋಡಿ, ಆಮೇಲೆ ಫ್ರಿಜ್ ಬಾಗಿಲು ತೆಗೆಯುತ್ತಾರೆ.